ಸ್ಟಾರ್ ಎಣಿಸುವ ಮೊದಲು ಇಸವಿ ನೋಡಿ

ಹಳೆಯ ಎಸಿ, ಫ್ರಿಜ್ ಮಾರುವವರು ಕಳಿಸುವ ಫೋಟೊಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಎದುರಿನಿಂದ ತೆಗೆದ ಒಂದು ಚಿತ್ರ, ಅದರ ಮೇಲೆ ಹೊಳೆಯುವ ಕಂಪನಿ ಹೆಸರು, ಮೂಲೆಯಲ್ಲಿ ಕೆಂಪು ಸ್ಟಾರ್‌ಗಳ ಒಂದು ಚೀಟಿ. ಕೆಳಗೆ ‘ಒಂದೂವರೆ ಟನ್, ಐದು ಸ್ಟಾರ್, ಹೊಸದರಂತಿದೆ’ ಎಂಬ ಒಕ್ಕಣೆ. ಬಾಡಿಗೆ ಮನೆಯ ಜಾಹೀರಾತಿನಲ್ಲೂ ಇದೇ ಕಥೆ. ನೋಡುವವರು ಸ್ಟಾರ್ ಎಣಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಆ ಚೀಟಿಯಲ್ಲಿ ಅತಿ ಕಡಿಮೆ ವಿಷಯ ಹೇಳುವುದು ಆ ಸ್ಟಾರ್‌ಗಳೇ. ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿರುವ ನಾಲ್ಕೈದು ಸಾಲುಗಳಲ್ಲಿ ನಿಜವಾದ ಮಾಹಿತಿ ಇರುತ್ತದೆ. ಫೋಟೊದಲ್ಲಿ ಮಸುಕಾಗಿ ಹೋಗುವುದೂ ಅವೇ.

ಮೊದಲು ಯಂತ್ರದ ಗುರುತು ಹಿಡಿಯುವ ಮಾತು. ಬರೀ ರೂಪ ನೋಡಿ ಎಸಿಯ ಮಾದರಿ ಹೇಳುವುದು ಆಗದ ಕೆಲಸ. ಕಂಪನಿಗಳು ಒಂದೇ ಪ್ಲಾಸ್ಟಿಕ್ ಮುಖವನ್ನು ಮೂರು ಸ್ಟಾರ್‌ನದಕ್ಕೂ ಐದು ಸ್ಟಾರ್‌ನದಕ್ಕೂ ಹಾಕುತ್ತವೆ, ಎರಡು ಮೂರು ವರ್ಷ ಅದನ್ನೇ ಮುಂದುವರಿಸುತ್ತವೆ. ಫ್ರಿಜ್ ಬಾಗಿಲಿನ ಹೂವಿನ ಚಿತ್ತಾರವೂ ಅಷ್ಟೆ. ಬೇರೆ ಬೇರೆ ಲೀಟರಿನ ಪೆಟ್ಟಿಗೆಗಳ ಮೇಲೆ ಅದೇ ಹೂವು ಅರಳಿರುತ್ತದೆ. ಫೋನಿನಲ್ಲಿ ಚಿತ್ರ ಕೊಟ್ಟು ಹುಡುಕಿದರೆ ಸಿಗುವುದು ಹೋಲುವ ಯಂತ್ರ, ಅದೇ ಯಂತ್ರ ಅಲ್ಲ. ಅಂಗಡಿಗಳ ಪುಟಗಳಲ್ಲಂತೂ ಒಂದೇ ಚಿತ್ರವನ್ನು ನಾಲ್ಕು ಮಾದರಿಗೆ ಬಳಸುವ ರೂಢಿ ಇದೆ. ಹಾಗಾಗಿ ಫೋಟೊದಿಂದ ಗುರುತು ಹಿಡಿಯುವುದು ಎಂದರೆ ಫೋಟೊದಲ್ಲಿ ಮಾಡೆಲ್ ನಂಬರ್ ಓದುವುದು. ಅದು ಕಾಣದಿದ್ದರೆ ಸರಿಯಾದ ಜಾಗದ ಇನ್ನೊಂದು ಫೋಟೊ ಕೇಳಬೇಕು.

ಆ ಜಾಗ ಯಾವುದು? ಫ್ರಿಜ್ಜಾದರೆ ಬಾಗಿಲು ತೆರೆದು ಒಳಗಿನ ಪಕ್ಕದ ಗೋಡೆ ನೋಡಿ. ತರಕಾರಿ ಡಬ್ಬಿಯನ್ನು ಹೊರಗೆಳೆದರೆ ಅದರ ಮರೆಯಲ್ಲಿ ಒಂದು ಬಿಳಿ ಅಥವಾ ಬೆಳ್ಳಿ ಬಣ್ಣದ ಚೀಟಿ ಅಂಟಿರುವುದುಂಟು. ಅಲ್ಲಿಲ್ಲವೆಂದರೆ ಹಿಂಭಾಗದಲ್ಲಿ, ಕಂಪ್ರೆಸರ್ ಹತ್ತಿರ. ಸ್ಪ್ಲಿಟ್ ಎಸಿಯಾದರೆ ಒಳಗಿನ ಭಾಗದ ಬಲ ಮಗ್ಗುಲು ಅಥವಾ ತಳಭಾಗ. ಎರಡೂ ಖಾಲಿ ಎನಿಸಿದರೆ ಮುಂದಿನ ಮುಚ್ಚಳ ಎತ್ತಿ ನೋಡಬೇಕು. ಔಟ್‌ಡೋರಿನಲ್ಲಿ ತಾಮ್ರದ ಪೈಪು ಸೇರುವ ಮಗ್ಗುಲಲ್ಲಿ ಇನ್ನೊಂದು ಚೀಟಿ ಇರುತ್ತದೆ. ಇವನ್ನು ಮೆಕ್ಯಾನಿಕ್‌ಗಳು ‘ನೇಮ್ ಪ್ಲೇಟ್’ ಎನ್ನುತ್ತಾರೆ. ಸ್ಟಾರ್ ಚೀಟಿ ಬೇರೆ, ಇದು ಬೇರೆ. ಸ್ಟಾರ್ ಚೀಟಿಯನ್ನು ಜನ ಅಂದ ಕೆಡುತ್ತದೆಂದು ಕಿತ್ತು ಹಾಕಿರುತ್ತಾರೆ. ನೇಮ್ ಪ್ಲೇಟಿನ ತಂಟೆಗೆ ಯಾರೂ ಹೋಗುವುದಿಲ್ಲ.

ಇಂಥ ಚೀಟಿಯ ಫೋಟೊ ಕೆಡುವುದು ಹೆಚ್ಚಾಗಿ ಫ್ಲ್ಯಾಶ್‌ನಿಂದ. ಹೊಳಪಿನ ಕಾಗದದ ಮೇಲೆ ಬೆಳಕು ನೇರ ಬಿದ್ದು ನಡುವಿನ ಎರಡು ಅಕ್ಷರ ಬೆಳ್ಳಗಾಗುತ್ತವೆ, ನಮಗೆ ಬೇಕಾದವೂ ಅವೇ ಆಗಿರುತ್ತವೆ. ಫ್ಲ್ಯಾಶ್ ಆರಿಸಿ, ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ನಿಚ್ಚಳವಾಗಿ ಬರುತ್ತದೆ. ಕಳಿಸುವಾಗ ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟಾಗಿ ಕಳಿಸಲು ಹೇಳಿ. ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿ ಸಣ್ಣ ಅಕ್ಷರಗಳನ್ನು ಕಲಸಿಬಿಡುತ್ತದೆ. ಹೀಗೆಲ್ಲ ಮಾಡಿದ ಮೇಲೂ ಸೊನ್ನೆ ಮತ್ತು O, ಒಂದು ಮತ್ತು I, ಐದು ಮತ್ತು S, ಎಂಟು ಮತ್ತು B ಒಂದನ್ನೊಂದು ಹೋಲುತ್ತವೆ. ಓದಿದ ನಂಬರು ಎಲ್ಲೂ ಸಿಗದಿದ್ದರೆ ಮೊದಲು ಈ ಜೋಡಿಗಳನ್ನು ಅದಲುಬದಲು ಮಾಡಿ ನೋಡಿ.

ಮಾಡೆಲ್ ನಂಬರ್ ಎಂಬುದು ಅರ್ಥವಿಲ್ಲದ ಅಕ್ಷರಗಳ ಸಾಲಲ್ಲ. ಪ್ರತಿ ಕಂಪನಿಗೂ ಅದರದೇ ಪದ್ಧತಿ ಇದೆ. ವೋಲ್ಟಾಸ್ ಎಸಿಯ ಮೇಲೆ `183V` ಎಂದಿದ್ದರೆ 18 ಎಂದರೆ ಹದಿನೆಂಟು ಸಾವಿರ ಬಿಟಿಯು, ಅಂದರೆ ಒಂದೂವರೆ ಟನ್. ಮುಂದಿನ 3 ಅದರ ಸ್ಟಾರ್. V ಎಂದರೆ ಇನ್ವರ್ಟರ್. `123V` ಅದೇ ಲೆಕ್ಕದಲ್ಲಿ ಒಂದು ಟನ್ನಿನದು. ಡೈಕಿನ್ ಬೇರೆ ದಾರಿ ಹಿಡಿದಿದೆ. ಅದರ `FTKF50` ಎಂಬಲ್ಲಿನ 50 ಎಂದರೆ 5.0 ಕಿಲೊವ್ಯಾಟ್ ವರ್ಗದ ತಂಪು ಸಾಮರ್ಥ್ಯ. ಒಂದು ಟನ್ ಆಸುಪಾಸಿನದಕ್ಕೆ 35 ಎಂದಿರುತ್ತದೆ. ಮಾಡೆಲ್ ನಂಬರಿನಲ್ಲಿ ನೇರವಾಗಿ ‘1.5’ ಎಂದು ಹುಡುಕಿದರೆ ಸಿಗದಿರುವುದು ಇದಕ್ಕೇ.

ಸ್ಪ್ಲಿಟ್ ಎಸಿಯಲ್ಲಿ ಜನ ಎಡವುವ ಜಾಗ ಇನ್ನೊಂದಿದೆ. ಒಳಗಿನದಕ್ಕೂ ಹೊರಗಿನದಕ್ಕೂ ಬೇರೆ ಬೇರೆ ನಂಬರ್. ಡೈಕಿನ್‌ನಲ್ಲಿ ಒಳಗಿನದು `FTKF50` ಆದರೆ ಅದರ ಜೋಡಿ ಔಟ್‌ಡೋರು `RKF50`. ಹೊರಗಿನದರ ನಂಬರಿನಿಂದ ಹುಡುಕಿ ಏನೂ ಸಿಗದೆ ‘ಇದು ನಕಲಿ’ ಎಂದು ತೀರ್ಮಾನಿಸಬೇಡಿ. ಹಾಗೆಯೇ ಹಳೆಯ ಎಸಿ ಕೊಳ್ಳುವಾಗ ಎರಡರ ಫೋಟೊವನ್ನೂ ಕೇಳಿ. ಔಟ್‌ಡೋರ್ ಕೆಟ್ಟಾಗ ಸಿಕ್ಕ ಬೇರೊಂದನ್ನು ಜೋಡಿಸಿ ಮಾರುವುದುಂಟು. ಸ್ಟಾರ್ ಸಿಗುವುದು ಆ ಎರಡು ಸೇರಿದ ಜೋಡಿಗೆ; ಜೋಡಿ ಮುರಿದ ಮೇಲೆ ಒಳಗಿನದರ ಮೇಲಿನ ಐದು ಸ್ಟಾರ್‌ಗೆ ಬೆಲೆಯಿಲ್ಲ.

ಫ್ರಿಜ್ಜಿನಲ್ಲಿ ಸ್ಯಾಮ್‌ಸಂಗ್ ಉದಾಹರಣೆ ತೆಗೆದುಕೊಳ್ಳಿ. `RR` ಎಂದು ಶುರುವಾದರೆ ಒಂಟಿ ಬಾಗಿಲು, `RT` ಎಂದರೆ ಮೇಲೆ ಫ್ರೀಜರ್ ಇರುವ ಎರಡು ಬಾಗಿಲು, `RS` ಎಂದರೆ ಕಪಾಟಿನ ಹಾಗೆ ಪಕ್ಕಪಕ್ಕ ತೆರೆಯುವಂಥದು. `RT28` ಎಂದು ಕಂಡ ಕೂಡಲೇ 280 ಲೀಟರ್ ಎಂದುಕೊಳ್ಳುತ್ತೇವೆ. ಅಲ್ಲ. ಕೆಲವು ವರ್ಷಗಳ ಹಿಂದಿನ `RT28T` ಸಾಲಿನ ಫ್ರಿಜ್‌ಗಳು 253 ಲೀಟರ್ ಎಂದು ಮಾರಾಟವಾದವು. ಆಮೇಲಿನ `RT28C` ಸಾಲಿನವು 236 ಲೀಟರ್ ಎಂದು. ಎಲ್‌ಜಿಯಲ್ಲೂ ಇದೇ ಆಯಿತು: 260 ಲೀಟರ್ ಎನ್ನುತ್ತಿದ್ದ ವರ್ಗ 242 ಲೀಟರ್ ಆಯಿತು. ಪೆಟ್ಟಿಗೆ ಚಿಕ್ಕದಾಗಲಿಲ್ಲ, ಅಳೆಯುವ ರೀತಿ ಬದಲಾಯಿತು. 2023ರ ಜನವರಿಯಿಂದ ಒಳಗಿನ ಒಟ್ಟು ಜಾಗದ ಬದಲು ನಿಜವಾಗಿ ಸಾಮಾನು ಇಡಬಹುದಾದ ಜಾಗವನ್ನೇ ಲೀಟರಾಗಿ ನಮೂದಿಸಬೇಕು ಎಂಬ ನಿಯಮ ಬಂತು. ಹಳೆಯ 253 ಲೀಟರ್ ಫ್ರಿಜ್ ಕೊಟ್ಟು ಹೊಸ 236 ಲೀಟರಿನದು ತಂದವರು ಮೋಸಹೋದೆವೆಂದು ಕೊರಗಬೇಕಿಲ್ಲ. ಹಳೆಯದನ್ನೂ ಹೊಸದನ್ನೂ ಲೀಟರಿನಿಂದ ನೇರ ಹೋಲಿಸದಿದ್ದರೆ ಸಾಕು.

ಯಂತ್ರ ಯಾವ ವರ್ಷದ್ದು ಎಂಬುದಕ್ಕೆ ನೇಮ್ ಪ್ಲೇಟ್ ಇನ್ನೂ ಕೆಲವು ಸುಳಿವು ಕೊಡುತ್ತದೆ. ಕೆಲವದರಲ್ಲಿ ತಯಾರಾದ ತಿಂಗಳು, ವರ್ಷ ನೇರವಾಗಿಯೇ ಇರುತ್ತದೆ. ಎಲ್‌ಜಿ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನೆರಡು ತಿಂಗಳು; 905 ಎಂದು ಶುರುವಾದರೆ ಒಂಬತ್ತರಲ್ಲಿ ಮುಗಿಯುವ ವರ್ಷದ ಮೇ ತಿಂಗಳು. ಅದು 2009ರದೋ 2019ರದೋ ಎಂಬ ಅನುಮಾನ ಬಂದರೆ ಗ್ಯಾಸಿನ ಹೆಸರು ನೋಡಿ. ಎಸಿಯಲ್ಲಿ `R22` ಎಂದಿದ್ದರೆ ಹಳೆಯ ಕಾಲದ್ದು, `R32` ಎಂದಿದ್ದರೆ ಇತ್ತೀಚಿನದು. ಫ್ರಿಜ್ಜಿನಲ್ಲಿ `R134a` ಹಳೆಯ ಪೀಳಿಗೆ, `R600a` ಈಗಿನದು.

ವರ್ಷದ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಏಕೆಂದರೆ ಸ್ಟಾರ್‌ಗೆ ಸ್ಥಿರವಾದ ಅರ್ಥವಿಲ್ಲ. ಈ ಚೀಟಿ ಕೊಡುವ ಸಂಸ್ಥೆ ಕೇಂದ್ರ ಸರ್ಕಾರದ ಬ್ಯೂರೊ ಆಫ್ ಎನರ್ಜಿ ಎಫಿಶಿಯೆನ್ಸಿ. ಎಲ್ಲರೂ ಬಿಇಇ ಎನ್ನುತ್ತಾರೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿ ಹುಟ್ಟಿದ ಇದು 2006ರಲ್ಲಿ ಸ್ಟಾರ್ ಚೀಟಿ ಶುರುಮಾಡಿತು. ಕಂಪನಿಗಳು ಉತ್ತಮವಾಗುತ್ತ ಹೋದಂತೆ ಬಿಇಇ ಆಗಾಗ ಮಟ್ಟ ಏರಿಸುತ್ತದೆ. ಪರೀಕ್ಷೆಯಲ್ಲಿ ಎಲ್ಲರೂ ಫಸ್ಟ್ ಕ್ಲಾಸ್ ಬರತೊಡಗಿದಾಗ ಫಸ್ಟ್ ಕ್ಲಾಸಿನ ಅಂಕವನ್ನೇ ಮೇಲಕ್ಕೆ ಸರಿಸಿದ ಹಾಗೆ. ಅಂಕ ಅದೇ ಇದ್ದರೂ ದರ್ಜೆ ಇಳಿಯುತ್ತದೆ.

ಎಸಿಯಲ್ಲಿ ಆ ಅಂಕದ ಹೆಸರು ಐಎಸ್‌ಇಇಆರ್. ಒಂದು ಯೂನಿಟ್ ವಿದ್ಯುತ್ ತಿಂದು ವರ್ಷದ ಸರಾಸರಿಯಲ್ಲಿ ಎಷ್ಟು ಯೂನಿಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊರಗೆ ಸಾಗಿಸುತ್ತದೆ ಎಂಬ ಸಂಖ್ಯೆ ಅದು. ನಾಲ್ಕು ಎಂದಿದ್ದರೆ ಒಂದು ಯೂನಿಟ್ ಖರ್ಚಿಗೆ ನಾಲ್ಕು ಯೂನಿಟ್ ಶಾಖ ಹೊರಗೆ. ಶಾಖವನ್ನು ಅದು ಉಂಟುಮಾಡುವುದಿಲ್ಲ, ಒಳಗಿನಿಂದ ಹೊರಗೆ ಹೊತ್ತು ಹಾಕುತ್ತದೆ, ಹಾಗಾಗಿ ಕೊಟ್ಟದ್ದಕ್ಕಿಂತ ಹೆಚ್ಚು ಕೆಲಸ ಸಾಧ್ಯ. 2018ರ ಜನವರಿಯಿಂದ 2022ರ ಜೂನ್‌ವರೆಗೆ ಸ್ಪ್ಲಿಟ್ ಎಸಿಗೆ ಐದು ಸ್ಟಾರ್ ಸಿಗಲು 4.50 ಸಾಕಿತ್ತು. 2022ರ ಜುಲೈ ಒಂದರಿಂದ 5.00 ಬೇಕಾಯಿತು. 2026ರ ಜನವರಿಯಲ್ಲಿ ಮಟ್ಟ ಇನ್ನೊಮ್ಮೆ ಏರಿ, ಹಿಂದಿನ ಐದು ಸ್ಟಾರ್ ಸುಮಾರಿಗೆ ನಾಲ್ಕಕ್ಕೆ ಇಳಿಯಿತು. ಅಂದರೆ 4.60 ಅಂಕದ ಎಸಿ 2019ರ ಚೀಟಿಯಲ್ಲಿ ಐದು ಸ್ಟಾರ್, 2023ರ ಚೀಟಿಯಲ್ಲಿ ನಾಲ್ಕು. ಯಂತ್ರ ಮಾತ್ರ ಅದೇ.

ಇದಕ್ಕೆಂದೇ ಎಸಿ ಚೀಟಿಯಲ್ಲಿ ‘ಲೇಬಲ್ ಪೀರಿಯಡ್’ ಎಂಬ ಸಾಲಿದೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ಮಟ್ಟದ ಪ್ರಕಾರ ಈ ಸ್ಟಾರ್ ಎಂದು ಅದು ಹೇಳುತ್ತದೆ. ಜಾಹೀರಾತಿನ ಫೋಟೊದಲ್ಲಿ ಬೆರಳು ಅಡ್ಡ ಬಂದು ಈ ಸಾಲೊಂದೇ ಮುಚ್ಚಿಹೋಗಿದ್ದರೆ ಅದನ್ನು ಆಕಸ್ಮಿಕ ಎಂದು ನಂಬುವಷ್ಟು ಉದಾರಿ ನಾನಲ್ಲ.

ಕಿಟಕಿ ಎಸಿಯ ಮಟ್ಟವೇ ಬೇರೆ. 2022ರ ಪಟ್ಟಿಯಲ್ಲಿ ಕಿಟಕಿ ಎಸಿಗೆ 3.50 ಬಂದರೆ ಐದು ಸ್ಟಾರ್. ಅದೇ 3.50 ಅಂಕದ ಸ್ಪ್ಲಿಟ್‌ಗೆ ಎರಡು ಸ್ಟಾರ್ ಅಷ್ಟೆ. ಐದು ಸ್ಟಾರ್ ಕಿಟಕಿ ಎಸಿಗಿಂತ ಮೂರು ಸ್ಟಾರ್ ಸ್ಪ್ಲಿಟ್ ಕಡಿಮೆ ವಿದ್ಯುತ್ ತಿನ್ನುತ್ತದೆ ಎಂದರೆ ಎಷ್ಟೋ ಅಂಗಡಿಯವರೇ ನಂಬುವುದಿಲ್ಲ. ಚೀಟಿಯ ಸಣ್ಣ ಅಕ್ಷರ ತೋರಿಸಬೇಕು.

ಈಗ ಒಂದು ಚೀಟಿಯನ್ನು ಪೂರ್ತಿ ಓದೋಣ. ಕಲಬುರಗಿಯಲ್ಲಿ ಮನೆ ಮಾಡಿದ ಒಬ್ಬರಿಗೆ ಹದಿನೆಂಟು ಸಾವಿರಕ್ಕೆ ಹಳೆಯ ಸ್ಪ್ಲಿಟ್ ಎಸಿ ಬಂದಿದೆ ಎಂದಿಟ್ಟುಕೊಳ್ಳಿ. ಒಕ್ಕಣೆಯಲ್ಲಿ ‘ಒಂದೂವರೆ ಟನ್, ಐದು ಸ್ಟಾರ್ ಇನ್ವರ್ಟರ್’ ಎಂದಿದೆ. ಚೀಟಿಯ ಸ್ಪಷ್ಟ ಫೋಟೊ ಕೇಳಿ ತರಿಸಿದಾಗ ಕಂಡದ್ದು ಇಷ್ಟು: ವರ್ಷ 2019. ತಂಪು ಸಾಮರ್ಥ್ಯ, ಪೂರ್ಣ, 5000 ವ್ಯಾಟ್. ಅರ್ಧ, 2500 ವ್ಯಾಟ್. ಐಎಸ್‌ಇಇಆರ್ 4.60. ವರ್ಷಕ್ಕೆ ವಿದ್ಯುತ್ 842 ಯೂನಿಟ್.

ಮೊದಲು ಸಾಮರ್ಥ್ಯ. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3,517 ವ್ಯಾಟ್. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖ ಎಂಬ ಹಳೆಯ ಲೆಕ್ಕದಿಂದ ಬಂದ ಅಳತೆ. ಎಸಿಯ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಲೆಕ್ಕದಲ್ಲಿ ಒಂದೂವರೆ ಟನ್ ಎಂದರೆ 5,275 ವ್ಯಾಟ್ ಇರಬೇಕು. ಚೀಟಿಯಲ್ಲಿರುವುದು 5000. ಇದೇನೂ ಮೋಸದ ಮಾಲಲ್ಲ; ಮಾರುಕಟ್ಟೆಯಲ್ಲಿ ‘ಒಂದೂವರೆ ಟನ್’ ಎಂದು ಮಾರುವ ಎಸಿಗಳ ಸಾಮರ್ಥ್ಯ 4,800ರ ಆಸುಪಾಸಿನಿಂದ 5,300ರವರೆಗೂ ಹರಡಿದೆ. ಬೆಂಗಳೂರಿನ ಕೋಣೆಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ, ಮೇಲ್ಗಡೆ ತಾರಸಿ ಕಾದಿರುವ ಕೋಣೆಯಲ್ಲಿ, ಗೊತ್ತಾಗುತ್ತದೆ. ಹಾಗಾಗಿ ಟನ್ ಕೇಳಬೇಡಿ, ವ್ಯಾಟ್ ಕೇಳಿ.

ಎರಡನೆಯದು ವರ್ಷದ ಯೂನಿಟ್. ಈ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಅದನ್ನು ನಂಬುವ ಹದ ಗೊತ್ತಾಗುತ್ತದೆ. ಬಿಇಇ ವರ್ಷಕ್ಕೆ 1600 ಗಂಟೆ ಎಸಿ ಓಡುತ್ತದೆ ಎಂದು ಹಿಡಿದಿದೆ. ಆ ಗಂಟೆಗಳನ್ನು ಹೊರಗಿನ 24 ಡಿಗ್ರಿಯಿಂದ 43 ಡಿಗ್ರಿವರೆಗೆ ಹಂಚಿದೆ. ದೇಶದ ಬೇರೆ ಬೇರೆ ಊರುಗಳ ಹವೆಯನ್ನು ಸೇರಿಸಿ ಮಾಡಿದ ಹಂಚಿಕೆ ಇದು, ಹಾಗಾಗಿ 1600ರಲ್ಲಿ ಸುಮಾರು 1100 ಗಂಟೆ ಹೊರಗೆ 30 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರುವಂಥವು. 35 ಡಿಗ್ರಿ ದಾಟುವ ಗಂಟೆಗಳು 130ರಷ್ಟು ಮಾತ್ರ. ತಂಪು ಹವೆಯಲ್ಲಿ ಎಸಿ ಪೂರ್ತಿ ದುಡಿಯಬೇಕಿಲ್ಲವಾದ್ದರಿಂದ ಇಡೀ 1600 ಗಂಟೆಯ ಕೆಲಸ ಒಟ್ಟುಗೂಡಿಸಿದರೆ ಪೂರ್ಣ ಸಾಮರ್ಥ್ಯದಲ್ಲಿ ಸುಮಾರು 775 ಗಂಟೆ ಓಡಿದ್ದಕ್ಕೆ ಸಮ.

ಈ 775 ನೆನಪಿಟ್ಟುಕೊಳ್ಳಬೇಕಾದ ಸಂಖ್ಯೆ, ಏಕೆಂದರೆ ಮಸುಕು ಫೋಟೊವನ್ನು ಪರೀಕ್ಷಿಸಲು ಅದು ಒದಗುತ್ತದೆ. ವರ್ಷದ ಯೂನಿಟನ್ನು ಐಎಸ್‌ಇಇಆರ್‌ನಿಂದ ಗುಣಿಸಿ, ಕಿಲೊವ್ಯಾಟಿನಲ್ಲಿರುವ ತಂಪು ಸಾಮರ್ಥ್ಯದಿಂದ ಭಾಗಿಸಿ. ಉತ್ತರ 775ರ ಸಮೀಪ ಬರಬೇಕು. ನಮ್ಮ ಚೀಟಿಯಲ್ಲಿ 842 × 4.60 ÷ 5 = 775. ಓದಿದ್ದು ಸರಿಯಾಗಿದೆ. ಎಂಟನ್ನು ಐದೆಂದು ಓದಿ 542 ಎಂದುಕೊಂಡಿದ್ದರೆ ಉತ್ತರ 500ರ ಹತ್ತಿರ ಬಂದು ತಪ್ಪು ಸಿಕ್ಕಿಬೀಳುತ್ತಿತ್ತು. ಮೂರರಲ್ಲಿ ಒಂದು ಸಂಖ್ಯೆ ಹರಿದುಹೋಗಿದ್ದರೂ ಉಳಿದೆರಡರಿಂದ ಅದನ್ನು ಹೆಕ್ಕಬಹುದು. ಇದು 2018ರ ನಂತರದ ಚೀಟಿಗಳಿಗೆ. ಅದಕ್ಕೂ ಮೊದಲಿನ ಮಾಮೂಲಿ ಎಸಿಗಳಲ್ಲಿ ಇಇಆರ್ ಎಂಬ ಬೇರೆ ಅಂಕ ಇರುತ್ತಿತ್ತು, ಅದು ಒಂದೇ ಉಷ್ಣಾಂಶದಲ್ಲಿ ಅಳೆದದ್ದು.

ಸ್ಟಾರ್ ಚೀಟಿಯೇ ಇಲ್ಲದಿದ್ದಾಗ ನೇಮ್ ಪ್ಲೇಟಿನಿಂದ ಇಇಆರ್ ತೆಗೆಯಬಹುದು. ತಂಪು ಸಾಮರ್ಥ್ಯ 5000 ವ್ಯಾಟ್, ತಿನ್ನುವ ವಿದ್ಯುತ್ 1400 ವ್ಯಾಟ್ ಎಂದಿದ್ದರೆ ಭಾಗಿಸಿದಾಗ ಸುಮಾರು 3.57. ಹಳೆಯ, ಇನ್ವರ್ಟರ್ ಅಲ್ಲದ ಎಸಿಗೆ ಇದು ಒಳ್ಳೆಯ ಅಂದಾಜು. ಇನ್ವರ್ಟರ್ ಎಸಿಗೆ ಇದರಿಂದ ಅನ್ಯಾಯವಾಗುತ್ತದೆ, ಏಕೆಂದರೆ ಅದರ ಜಾಣ್ಮೆ ಇರುವುದೇ ನಿಧಾನವಾಗಿ ಓಡುವಾಗ. ನೇಮ್ ಪ್ಲೇಟ್ ಹೇಳುವುದು ಪೂರ್ತಿ ದುಡಿಯುವಾಗಿನ ಮಾತು.

ಆ ಪೂರ್ತಿ ದುಡಿತದ ಮಾತೇ ಕಲಬುರಗಿಯವರಿಗೆ ಮುಖ್ಯ. 842 ಯೂನಿಟನ್ನು 1600 ಗಂಟೆಗೆ ಹಂಚಿದರೆ ಗಂಟೆಗೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಹೊರಗೆ 41 ಡಿಗ್ರಿ ಇರುವ ಮಧ್ಯಾಹ್ನ ಅದೇ ಎಸಿ ಗಂಟೆಗೆ 1.4 ಯೂನಿಟ್ ತಿಂದೀತು. ಚೀಟಿ ಸುಳ್ಳು ಹೇಳಿದ್ದಲ್ಲ, ಅದು ದೇಶದ ಸರಾಸರಿ ಹವೆಯ ಮಾತಾಡಿದೆ. ಕಲಬುರಗಿ, ರಾಯಚೂರಿನವರು ತಮ್ಮ ಬಿಲ್ ಚೀಟಿಗಿಂತ ಹೆಚ್ಚು ಬರುತ್ತದೆಂದೇ ಇಟ್ಟುಕೊಳ್ಳಬೇಕು. ಬೆಂಗಳೂರಿನಲ್ಲಿ ಬೇಸಿಗೆಯ ರಾತ್ರಿ ಮಾತ್ರ ಎಸಿ ಹಾಕುವವರಿಗೆ 1600 ಗಂಟೆ ಆಗುವುದೇ ಇಲ್ಲ, ಅವರ ಖರ್ಚು ಚೀಟಿಯದರ ಒಂದು ಭಾಗ ಅಷ್ಟೆ. ಎರಡು ಎಸಿಗಳ ನಡುವೆ ಯಾವುದು ಕಡಿಮೆ ತಿನ್ನುತ್ತದೆ ಎಂಬುದಕ್ಕೆ ಈ ಸಂಖ್ಯೆ ನಂಬಿಕಸ್ಥ. ನಮ್ಮ ಮನೆಯ ಬಿಲ್ ಎಷ್ಟು ಎಂಬುದಕ್ಕಲ್ಲ.

ಗೃಹಜ್ಯೋತಿ ಇರುವ ಮನೆಯಲ್ಲಿ ಲೆಕ್ಕಕ್ಕೆ ಇನ್ನೊಂದು ಕೊಕ್ಕೆ ಇದೆ. ಏಪ್ರಿಲ್‌ನಲ್ಲಿ ರಾತ್ರಿ ಎಂಟು ಗಂಟೆ, ಗಂಟೆಗೆ 0.9 ಯೂನಿಟ್ ಎಂದು ಹಿಡಿದರೂ ತಿಂಗಳಿಗೆ 216 ಯೂನಿಟ್ ಎಸಿಯೊಂದಕ್ಕೇ ಆಯಿತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿಗೆ ಮಾತ್ರವಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕು. ಹಾಗಾಗಿ ಅಂಥ ಮನೆಯಲ್ಲಿ ಎಸಿಯ ನಿಜವಾದ ಖರ್ಚು ಚೀಟಿಯ ಯೂನಿಟಿಗೆ ದರ ಗುಣಿಸಿದ್ದಕ್ಕಿಂತ ದೊಡ್ಡದು.

ಇಷ್ಟಾದ ಮೇಲೆ ಆ ಹದಿನೆಂಟು ಸಾವಿರದ ಎಸಿ ಬಗ್ಗೆ ಏನು ಹೇಳಬಹುದು? ಈಗಿನ ಹೊಸ ಎಸಿಯ ಜೊತೆ ಇಟ್ಟು ನೋಡಿ. 5000 ವ್ಯಾಟಿನ, 5.20 ಅಂಕದ ಒಂದು ಎಸಿಯ ಚೀಟಿಯಲ್ಲಿ ವರ್ಷಕ್ಕೆ 745 ಯೂನಿಟ್ ಇರುತ್ತದೆ, 4.00 ಅಂಕದ್ದಕ್ಕೆ 969. ನಮ್ಮದರ 842 ಇವೆರಡರ ನಡುವೆ ಬೀಳುತ್ತದೆ. ಹಳೆಯ ಐದು ಸ್ಟಾರ್ ಎಂದರೆ 2023ರ ಮೂರು ಸ್ಟಾರ್‌ಗಿಂತ ಮೇಲು, ಐದಕ್ಕಿಂತ ಕೆಳಗೆ. 745ಕ್ಕೂ 842ಕ್ಕೂ ಅಂತರ 97 ಯೂನಿಟ್. ಯೂನಿಟಿಗೆ ಏಳು ರೂಪಾಯಿ ಹಿಡಿದರೆ ವರ್ಷಕ್ಕೆ ಏಳುನೂರು ರೂಪಾಯಿಯ ಒಳಗೆ. ಕಲಬುರಗಿಯ ಬಿಸಿಲಿಗೆ ಅದನ್ನು ದುಪ್ಪಟ್ಟು ಮಾಡಿದರೂ, ಹೊಸದರ ಹೆಚ್ಚಿನ ಬೆಲೆ ವಿದ್ಯುತ್ ಉಳಿತಾಯದಿಂದ ಮಾತ್ರ ಬೇಗ ಹುಟ್ಟುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಸ್ಟಾರ್‌ಗಿಂತ ಯಂತ್ರದ ಸ್ಥಿತಿ ದೊಡ್ಡ ಪ್ರಶ್ನೆ. ಗ್ಯಾಸ್ ಸೋರಿದ್ದರೆ, ಔಟ್‌ಡೋರಿನ ಕಾಯಿಲ್ ಧೂಳಿನಿಂದ ಕಟ್ಟಿದ್ದರೆ 842 ಎಂಬುದು ಕಾಗದದ ಮೇಲಿನ ಸಂಖ್ಯೆ ಅಷ್ಟೆ. ಅದನ್ನು ಯಾವ ಫೋಟೊವೂ ತೋರಿಸುವುದಿಲ್ಲ. ಓಡಿಸಿ, ಹದಿನೈದು ನಿಮಿಷ ಕೂತು, ಒಳಗಿನಿಂದ ಬರುವ ಗಾಳಿಯ ತಂಪನ್ನೂ ಹೊರಗೆ ಹೋಗುವ ಗಾಳಿಯ ಬಿಸಿಯನ್ನೂ ಕೈಯಿಟ್ಟು ನೋಡಬೇಕು.

ಫ್ರಿಜ್ಜಿನ ಚೀಟಿ ಓದಲು ಇಷ್ಟು ಸುತ್ತು ಬೇಡ. ಅದರಲ್ಲಿ ಬಗೆ, ಲೀಟರ್, ವರ್ಷದ ಯೂನಿಟ್ ಇರುತ್ತವೆ. ಅದು ವರ್ಷದ 8,760 ಗಂಟೆಯೂ ಪ್ಲಗ್ಗಿನಲ್ಲಿರುವುದರಿಂದ ಇಲ್ಲಿನ ಯೂನಿಟ್ ಸಂಖ್ಯೆ ನಮ್ಮ ಬಿಲ್ಲಿಗೆ ಎಸಿಯದಕ್ಕಿಂತ ಹತ್ತಿರ. ಆದರೆ ಪರೀಕ್ಷೆಯನ್ನು ಬಾಗಿಲು ಮುಚ್ಚಿಟ್ಟು ಮಾಡಿರುತ್ತಾರೆ. ಮಕ್ಕಳಿರುವ ಮನೆಯ ಫ್ರಿಜ್ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಬಿಸಿ ಸಾರಿನ ಪಾತ್ರೆ ಒಳಗಿಡುವ ಮನೆಯದಂತೂ ಇನ್ನೂ ಹೆಚ್ಚು.

ಫ್ರಿಜ್ಜಿನಲ್ಲಿ ತಪ್ಪು ಓದುವಿಕೆ ಆಗುವುದು ಸ್ಟಾರನ್ನು ಗಾತ್ರದಿಂದ ಬಿಡಿಸಿ ನೋಡಿದಾಗ. ಸ್ಟಾರ್ ಕೊಡುವುದು ಆ ಗಾತ್ರಕ್ಕೆ, ಆ ಬಗೆಗೆ ಎಷ್ಟು ತಿನ್ನಬಹುದಿತ್ತು ಎಂಬ ಲೆಕ್ಕದ ಮೇಲೆ. ಮಂಜು ತಾನೇ ಕರಗದ, ಗುಂಡಿ ಒತ್ತಿ ಕರಗಿಸಬೇಕಾದ ಡೈರೆಕ್ಟ್ ಕೂಲ್‌ಗೆ ಒಂದು ಪಟ್ಟಿ, ಫ್ರಾಸ್ಟ್ ಫ್ರೀಗೆ ಇನ್ನೊಂದು. ಒಳಗೆ ಫ್ಯಾನು ತಿರುಗಬೇಕು, ಮಂಜು ಕರಗಿಸಲು ಹೀಟರ್ ಆಗಾಗ ಹೊತ್ತಬೇಕು ಎಂಬ ಕಾರಣಕ್ಕೆ ಫ್ರಾಸ್ಟ್ ಫ್ರೀಗೆ ಹೆಚ್ಚು ಯೂನಿಟಿನ ರಿಯಾಯಿತಿ ಇದೆ. ಹಾಗಾಗಿ ಮೂರು ಸ್ಟಾರ್‌ನ ದೊಡ್ಡ ಎರಡು ಬಾಗಿಲಿನ ಫ್ರಿಜ್, ಎರಡು ಸ್ಟಾರ್‌ನ ಸಣ್ಣ ಒಂಟಿ ಬಾಗಿಲಿನದಕ್ಕಿಂತ ಹೆಚ್ಚು ವಿದ್ಯುತ್ ತಿಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಎರಡು ಫ್ರಿಜ್‌ಗಳ ಚೀಟಿ ಪಕ್ಕಪಕ್ಕ ಇಟ್ಟುಕೊಂಡಾಗ ಸ್ಟಾರ್‌ಗಳ ಮೇಲೆ ಕೈ ಮುಚ್ಚಿ, ಯೂನಿಟ್ ಮಾತ್ರ ಓದಿ. ಒಂದರಲ್ಲಿ 250, ಇನ್ನೊಂದರಲ್ಲಿ 205 ಎಂದಿದ್ದರೆ ಅಂತರ 45 ಯೂನಿಟ್, ಏಳು ರೂಪಾಯಿ ದರದಲ್ಲಿ ವರ್ಷಕ್ಕೆ 315 ರೂಪಾಯಿ. ಎರಡನೆಯದಕ್ಕೆ ಅಂಗಡಿಯವರು ಮೂರು ಸಾವಿರ ಹೆಚ್ಚು ಕೇಳಿದರೆ ಹತ್ತು ವರ್ಷದ ಹತ್ತಿರ ಬೇಕು ಅದು ಹುಟ್ಟಲು. ಕೊಳ್ಳಬೇಡಿ ಎನ್ನುತ್ತಿಲ್ಲ, ಲೆಕ್ಕ ಗೊತ್ತಿದ್ದು ಕೊಳ್ಳಿ.

ಕೊನೆಗೆ ಚೀಟಿಯೇ ಅಸಲಿಯೇ ಎಂಬ ಅನುಮಾನ. ಬಿಇಇ ಪ್ರತಿ ಮಾದರಿಯನ್ನೂ ನೋಂದಾಯಿಸಿಕೊಂಡಿರುತ್ತದೆ. `beestarlabel.com` ತಾಣದಲ್ಲಿ ಉಪಕರಣದ ಬಗೆ, ಕಂಪನಿ ಆರಿಸಿ ಮಾಡೆಲ್ ನಂಬರಿನಿಂದ ಹುಡುಕಬಹುದು. ಇದಕ್ಕೆ ಬಿಇಇಯ ಫೋನ್ ಆ್ಯಪ್ ಕೂಡ ಇದೆ. ಇತ್ತೀಚಿನ ಚೀಟಿಗಳಲ್ಲಿ ಕ್ಯೂಆರ್ ಕೋಡ್ ಇರುತ್ತದೆ. ಅಲ್ಲಿ ಬಂದ ಸಾಮರ್ಥ್ಯ, ಯೂನಿಟ್, ಸ್ಟಾರ್ ಚೀಟಿಯದರ ಜೊತೆ ತಾಳೆಯಾಗಬೇಕು. ಅದಕ್ಕಿಂತ ಮೊದಲು ಮಾಡಬೇಕಾದ ಸುಲಭದ ಕೆಲಸ ಒಂದಿದೆ: ಸ್ಟಾರ್ ಚೀಟಿಯ ಮೇಲಿನ ಮಾಡೆಲ್ ನಂಬರೂ ನೇಮ್ ಪ್ಲೇಟಿನ ನಂಬರೂ ಒಂದೇ ಇದೆಯೇ ನೋಡಿ. ಬಣ್ಣ ಸೂಚಿಸುವ ಕೊನೆಯ ಒಂದೆರಡು ಅಕ್ಷರ ಬೇರೆಯಿದ್ದರೆ ಚಿಂತೆಯಿಲ್ಲ. ನಡುವಿನ ಅಕ್ಷರವೋ ಅಂಕಿಯೋ ಬೇರೆಯಿದ್ದರೆ, ಅಥವಾ ಚೀಟಿಯ ಲೇಬಲ್ ಪೀರಿಯಡ್ 2023ರದಾಗಿದ್ದು ನೇಮ್ ಪ್ಲೇಟಿನ ತಯಾರಿಕೆ 2017 ಎಂದಿದ್ದರೆ, ಆ ಚೀಟಿ ಬೇರೊಂದು ಯಂತ್ರದಿಂದ ಬಂದು ಇಲ್ಲಿ ಕೂತಿದೆ.